ಪೊಲೀಸರ ಮುಂದೆ ತಪ್ಪೊಪ್ಪಿಗೆ: ಕತ್ತಿ ಸಿಕ್ಕಿದರೆ ಎಷ್ಟು ಮಾತು ಸಾಕ್ಷ್ಯ?

ಮಂಗಳೂರಿನಲ್ಲಿ ನಾವು ಒಂದಷ್ಟು ಜನ ಸಿವಿಲ್ ಜಡ್ಜ್ ಪರೀಕ್ಷೆಗೆ ಓದುತ್ತಿದ್ದೇವೆ. ಸಾಕ್ಷ್ಯ ಕಾಯ್ದೆಯ ಪ್ರಶ್ನೆಗಳಲ್ಲಿ ಎಲ್ಲರಿಗೂ ಗೊಂದಲ ಆಗುವುದು ಒಂದೇ ಜಾಗದಲ್ಲಿ. ಅದನ್ನು ಮಾತ್ರ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಸೆಕ್ಷನ್‌ಗಳು. ಹಳೇ ಕಾಯ್ದೆಯ 25, 26 ಮತ್ತು 27 ಈಗ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಸೆಕ್ಷನ್ ಒಂದರೊಳಗೇ ಇವೆ. 23(1) ಅಂದರೆ ಹಳೇ 25: ಪೊಲೀಸ್ ಅಧಿಕಾರಿಗೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. 23(2) ಹಳೇ 26: ಪೊಲೀಸ್ ವಶದಲ್ಲಿದ್ದಾಗ ಮಾಡಿದ ತಪ್ಪೊಪ್ಪಿಗೆಯೂ ನಡೆಯುವುದಿಲ್ಲ, ಮ್ಯಾಜಿಸ್ಟ್ರೇಟರ ಎದುರಿಗೇ ಮಾಡಿದ್ದರೆ ಮಾತ್ರ ಬೇರೆ ಮಾತು. ಹಳೇ 27 ಈಗ ಅದೇ ಸೆಕ್ಷನ್ನಿನ ಪರಂತುಕ, ಅಂದರೆ ಈ ತಡೆಗೆ ಇರುವ ವಿನಾಯಿತಿ: ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ಸಂಗತಿ ಪತ್ತೆಯಾದರೆ, ಅದಕ್ಕೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ರುಜುವಾತು ಮಾಡಬಹುದು. ಹೊಸ ಕಾಯ್ದೆ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ.

ಈಗ ಪ್ರಶ್ನೆ. ವಶದಲ್ಲಿರುವ ಆರೋಪಿ ತನಿಖಾಧಿಕಾರಿಯ ಮುಂದೆ ಯಾರ ಒತ್ತಾಯವೂ ಇಲ್ಲದೆ ಕೊಲೆ ಒಪ್ಪಿಕೊಂಡು, ಆಯುಧ ಇಟ್ಟ ಜಾಗ ಹೇಳಿದ. ಅಲ್ಲೇ ಆಯುಧ ಸಿಕ್ಕಿತು. ಅವನ ಹೇಳಿಕೆ:

ಎ) ಸ್ವಇಚ್ಛೆಯಿಂದ ಕೊಟ್ಟದ್ದಾದ್ದರಿಂದ ಪೂರ್ತಿ ಸ್ವೀಕಾರಾರ್ಹ
ಬಿ) ಆಯುಧ ಸಿಕ್ಕಿದ್ದರಿಂದ ಪೂರ್ತಿ ಸ್ವೀಕಾರಾರ್ಹ
ಸಿ) ಪೊಲೀಸರಿಗೆ ಕೊಟ್ಟದ್ದಾದ್ದರಿಂದ ಒಂದು ಅಕ್ಷರವೂ ಸ್ವೀಕಾರಾರ್ಹವಲ್ಲ
ಡಿ) ಪತ್ತೆಯಾದ ಸಂಗತಿಗೆ ನೇರವಾಗಿ ಸಂಬಂಧಿಸಿದ ಭಾಗ ಮಾತ್ರ ಸ್ವೀಕಾರಾರ್ಹ

ಉತ್ತರ ಡಿ. ಎ ಬೇಗ ತೆಗೆದುಹಾಕಬಹುದು. ಹೊಡೆದರಾ, ಹೆದರಿಸಿದರಾ, ಆಸೆ ತೋರಿಸಿದರಾ ಎಂಬ ವಿಚಾರಣೆ ಬರುವುದು 22ನೇ ಸೆಕ್ಷನ್‌ನಲ್ಲಿ. 23(1)ರಲ್ಲಿ ಆ ಪ್ರಶ್ನೆಯೇ ಇಲ್ಲ. ಕೇಳಿಸಿಕೊಂಡವರು ಪೊಲೀಸ್ ಅಧಿಕಾರಿ ಅಂತಾದರೆ ಸಾಕು, ಬಾಗಿಲು ಮುಚ್ಚಿತು. ನಮ್ಮಲ್ಲಿ ಠಾಣೆಯ ಕಾಗದಕ್ಕೆ ‘ಸ್ವಇಚ್ಛಾ ಹೇಳಿಕೆ’ ಎಂಬ ತಲೆಬರಹ ಇದ್ದರೂ ಅಷ್ಟೇ. ಆರೋಪಿ ಆಗ ವಶದಲ್ಲಿ ಇರಬೇಕು ಅಂತಲೂ 23(1) ಹೇಳುವುದಿಲ್ಲ.

ನಿಜವಾದ ಬಲೆ ಬಿ. ‘ಕತ್ತಿ ಸಿಕ್ಕಿತಲ್ಲ, ಹಾಗಾದರೆ ಅವನು ಹೇಳಿದ್ದೆಲ್ಲ ನಿಜ’ ಅಂತ ಮನಸ್ಸು ತಾನಾಗಿ ಹೇಳುತ್ತದೆ. ಪರಂತುಕ ಕೊಡುವುದು ಅಷ್ಟು ದೊಡ್ಡ ಬಾಗಿಲಲ್ಲ. ಉದಾಹರಣೆಗೆ ಈ ಹೇಳಿಕೆ ನೋಡಿ, ಮಲ್ಪೆಯಲ್ಲಿ ನಡೆದ ಹಾಗೆ ನಾನೇ ಕಟ್ಟಿದ್ದು:

“ದುಡ್ಡಿನ ವಿಚಾರದಲ್ಲಿ ಅವನ ಮೇಲೆ ನನಗೆ ದ್ವೇಷ ಇತ್ತು. ಶನಿವಾರ ರಾತ್ರಿ ಅವನ ಕುತ್ತಿಗೆಗೆ ಕಡಿದೆ. ಅವನನ್ನು ಕಡಿದ ಕತ್ತಿಯನ್ನು ದೋಣಿ ರಿಪೇರಿ ಶೆಡ್ಡಿನ ಹಿಂದೆ ಹಳೇ ಬಲೆಗಳ ರಾಶಿಯ ಅಡಿಯಲ್ಲಿ ಅಡಗಿಸಿ ಇಟ್ಟಿದ್ದೇನೆ. ಜೊತೆಗೆ ಬಂದರೆ ತೋರಿಸುತ್ತೇನೆ. ಅವನ ಮೊಬೈಲನ್ನು ಹೊಳೆಗೆ ಎಸೆದೆ.”

ಪೊಲೀಸರು ಪಂಚರನ್ನು ಕರೆದುಕೊಂಡು ಹೋದರು. ಬಲೆ ಎತ್ತಿದಾಗ ಕತ್ತಿ ಸಿಕ್ಕಿತು, ಮಹಜರು ಆಯಿತು. ಮೊಬೈಲ್ ಸಿಗಲಿಲ್ಲ.

ಪ್ರತಿ ವಾಕ್ಯಕ್ಕೂ ನಾನು ಒಂದೇ ಪ್ರಶ್ನೆ ಹಾಕುತ್ತೇನೆ: ಬಲೆ ಎತ್ತಿದಾಗ ಈ ಮಾತು ನಿಜ ಅಂತ ಗೊತ್ತಾಯಿತಾ? ಕತ್ತಿ ಅಲ್ಲಿತ್ತು ಎಂಬುದು ಗೊತ್ತಾಯಿತು. ಅಲ್ಲಿದೆ ಅಂತ ಇವನಿಗೆ ತಿಳಿದಿತ್ತು ಎಂಬುದೂ ಗೊತ್ತಾಯಿತು. ದ್ವೇಷ ಇತ್ತಾ? ಬಲೆ ರಾಶಿ ಅದನ್ನು ಹೇಳುವುದಿಲ್ಲ. ಕಡಿದದ್ದು ಇವನೇನಾ? ಅದನ್ನೂ ಹೇಳುವುದಿಲ್ಲ. ಮೊಬೈಲಿನ ಮಾತಿಗೆ ಪತ್ತೆಯೇ ಇಲ್ಲ, ಹಾಗಾಗಿ ಅದೂ ಹೊರಗೆ.

ಮೂರನೇ ವಾಕ್ಯದಲ್ಲಿ ಸ್ವಲ್ಪ ನಿಲ್ಲಬೇಕು. ಅದು ಜಾಗದ ಬಗ್ಗೆ ಇರುವ ವಾಕ್ಯ, ಹಾಗಾಗಿ ಇಡಿಯಾಗಿ ಒಳಗೆ ಬರುತ್ತದೆ ಅನ್ನಿಸುತ್ತದೆ. ಆದರೆ ‘ಅವನನ್ನು ಕಡಿದ’ ಎಂಬ ಎರಡೇ ಪದಗಳಲ್ಲಿ ಇಡೀ ಕೊಲೆಯ ಒಪ್ಪಿಗೆ ಕೂತಿದೆ. ವಾಕ್ಯದ ಒಳಗೇ ಕತ್ತರಿ ಹಾಕಿ ಆ ಎರಡನ್ನು ತೆಗೆಯಬೇಕು. ಉಳಿಯುವುದು ಇಷ್ಟು: “ಕತ್ತಿಯನ್ನು ದೋಣಿ ರಿಪೇರಿ ಶೆಡ್ಡಿನ ಹಿಂದೆ ಹಳೇ ಬಲೆಗಳ ರಾಶಿಯ ಅಡಿಯಲ್ಲಿ ಅಡಗಿಸಿ ಇಟ್ಟಿದ್ದೇನೆ. ಜೊತೆಗೆ ಬಂದರೆ ತೋರಿಸುತ್ತೇನೆ.”

ಇದು ನನ್ನ ಲೆಕ್ಕಾಚಾರ ಅಲ್ಲ. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಮಾಡಿದ್ದು ಇದನ್ನೇ. ಅಲ್ಲಿನ ಆರೋಪಿಯೊಬ್ಬ ಕೆರೆಯ ಹತ್ತಿರ ಹೊಂಚು ಹಾಕಿದ್ದು, ಹೊಡೆದು ಸಾಯಿಸಿದ್ದು, ಯಾರು ಹೇಳಿ ಮಾಡಿಸಿದರು ಎಂಬುದು, ಎಲ್ಲ ಹೇಳಿದ್ದ. ನಡುವೆ ಭರ್ಜಿಯನ್ನೂ ತನ್ನ ಕೋಲನ್ನೂ ಊರಿನ ಒಬ್ಬರ ಹುಲ್ಲಿನ ಬಣವೆಯಲ್ಲಿ ಅಡಗಿಸಿದ್ದೇನೆ, ಬಂದರೆ ತೋರಿಸುತ್ತೇನೆ ಅಂದಿದ್ದ. ನ್ಯಾಯಾಲಯ ಆ ಬಣವೆಯ ಮಾತಷ್ಟನ್ನೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ಹೊರಗಿಟ್ಟಿತು. ಪತ್ತೆಯಾದ ‘ಸಂಗತಿ’ ಅಂದರೆ ವಸ್ತು ಮಾತ್ರ ಅಲ್ಲ, ಅದು ಇದ್ದ ಜಾಗ ಮತ್ತು ಆ ಬಗ್ಗೆ ಆರೋಪಿಗಿದ್ದ ತಿಳಿವಳಿಕೆ ಎಂಬ ಸೂತ್ರ ಬಂದದ್ದೂ ಅಲ್ಲಿಂದಲೇ. ಪರೀಕ್ಷೆಯಲ್ಲಿ ‘ಪತ್ತೆಯಾದ ಸಂಗತಿ ಎಂದರೆ ಆಯುಧ’ ಅಂತ ಆಯ್ಕೆ ಕೊಟ್ಟಿದ್ದರೆ ಅದನ್ನು ಬಿಡಿ.

ಹಾಗಾದರೆ ಕಡಿದದ್ದನ್ನು ಸಾಬೀತು ಮಾಡುವುದು ಹೇಗೆ? ಬೇರೆ ಸಾಕ್ಷ್ಯದಿಂದ. ಕತ್ತಿಯ ಮೇಲಿನ ರಕ್ತ ಸತ್ತವನದ್ದೇ ಅಂತ ಪ್ರಯೋಗಾಲಯದ ವರದಿ, ಗಾಯ ಅಂಥ ಕತ್ತಿಯಿಂದ ಆಗಬಹುದು ಅಂತ ವೈದ್ಯರ ಸಾಕ್ಷ್ಯ, ಹೀಗೆ. ಬರೀ ಕತ್ತಿ ತೋರಿಸಿದ ಅಂತ ಶಿಕ್ಷೆ ಕೊಡಲು ಆಗುವುದಿಲ್ಲ.

ಈಚಿನದ್ದು ಬೇಕಿದ್ದರೆ 2022ರ ವೆಂಕಟೇಶ್ ವಿರುದ್ಧ ಕರ್ನಾಟಕ ರಾಜ್ಯ ಓದಿ. ಪತ್ತೆಗೆ ಕಾರಣವಾದ ಭಾಗದ ಬದಲು ಇಡೀ ಹೇಳಿಕೆಯನ್ನೇ ಕಡತಕ್ಕೆ ಸೇರಿಸುವ ಅಭ್ಯಾಸವನ್ನು ಸುಪ್ರೀಂ ಕೋರ್ಟ್ ಅಲ್ಲಿ ಟೀಕಿಸಿದೆ. ಆ ಪ್ರಕರಣದಲ್ಲಿ ಹೇಳಿಕೆಗಳ ಡಿವಿಡಿಯೂ ಇತ್ತು. ಅದೂ ಪೊಲೀಸರಿಗೆ ಮಾಡಿದ ತಪ್ಪೊಪ್ಪಿಗೆಯೇ, ನಡೆಯುವುದಿಲ್ಲ ಅಂತ ನ್ಯಾಯಾಲಯ ಹೇಳಿತು. ‘ವಿಡಿಯೊ ಇದ್ದರೆ ಸ್ವೀಕಾರಾರ್ಹ’ ಎಂಬ ಆಯ್ಕೆಗೆ ಇಷ್ಟು ಸಾಕು.

ಮ್ಯಾಜಿಸ್ಟ್ರೇಟ್ ಇರುವ ಆಯ್ಕೆಯಲ್ಲಿ ಯಾರಿಗೆ ಹೇಳಿದ ಎಂಬುದನ್ನು ನೋಡಿ. ವಶದಲ್ಲಿರುವಾಗ ಭೇಟಿಗೆ ಬಂದ ಭಾವನ ಹತ್ತಿರ ಒಪ್ಪಿಕೊಂಡರೆ 23(2) ತಡೆಯುತ್ತದೆ. ಆಗ ಮ್ಯಾಜಿಸ್ಟ್ರೇಟ್ ಅಲ್ಲೇ ಎದುರಿಗಿದ್ದರೆ ತಡೆ ಇಲ್ಲ. ಬಂಧನಕ್ಕೆ ಮೊದಲೇ ಭಾವನಿಗೆ ಹೇಳಿದ್ದರೆ ಈ ಎರಡೂ ಉಪಸೆಕ್ಷನ್‌ಗಳು ಅಡ್ಡ ಬರುವುದಿಲ್ಲ, ಆದರೆ ಅಂಥ ಒಪ್ಪಿಗೆಯನ್ನು ನ್ಯಾಯಾಲಯಗಳು ದುರ್ಬಲ ಸಾಕ್ಷ್ಯ ಅಂತಲೇ ನೋಡುತ್ತವೆ. 23(1)ರಲ್ಲಿ ಮಾತ್ರ ‘ಮ್ಯಾಜಿಸ್ಟ್ರೇಟರ ಎದುರಿಗೆ’ ಎಂಬ ವಿನಾಯಿತಿ ಬರೆದೇ ಇಲ್ಲ.

ಕೊನೆಗೆ, ಪ್ರಶ್ನೆಯಲ್ಲಿ ಸಮಯ ಕೊಟ್ಟಿದ್ದರೆ ಅದನ್ನು ಸುಮ್ನೆ ಕೊಟ್ಟಿರುವುದಿಲ್ಲ. ಮೊದಲು ಮಾಹಿತಿ, ಆಮೇಲೆ ಪತ್ತೆ. ಬೆಳಿಗ್ಗೆಯೇ ಯಾರೋ ಮೀನುಗಾರರು ಕತ್ತಿ ನೋಡಿ ಠಾಣೆಗೆ ತಿಳಿಸಿ, ಪೊಲೀಸರು ಅದನ್ನು ತಂದಿಟ್ಟುಕೊಂಡು, ಸಂಜೆ ಆರೋಪಿಯಿಂದ ಜಾಗ ಹೇಳಿಸಿದರು ಅಂತಿದ್ದರೆ, ಗೊತ್ತಿದ್ದದ್ದು ಮತ್ತೆ ಪತ್ತೆಯಾಗುವುದಿಲ್ಲ. ಆಗ ಪರಂತುಕವೇ ಅನ್ವಯಿಸುವುದಿಲ್ಲ, ಮತ್ತು ಉತ್ತರ ಡಿ ಅಲ್ಲ, ಸಿ.