ಸ್ನೇಹಿತನ ಅಪ್ಪ ತೀರಿಕೊಂಡಿದ್ದಾರೆ, ಮಾತು ಬಿಟ್ಟು ಎರಡು ವರ್ಷ ಆಯ್ತು: ಏನಂತ ಬರೆಯಲಿ?

ಪ್ರಶ್ನೆ: ನಾನು ಮೈಸೂರಿನಲ್ಲಿದ್ದೇನೆ. ಮಂಡ್ಯದಲ್ಲಿರುವ ಬಾಲ್ಯದ ಗೆಳೆಯನ ಅಪ್ಪ ಹೋದರಂತೆ. ಜಗಳ ಏನಿಲ್ಲ, ಸುಮ್ನೆ ದೂರ ಆಗಿಬಿಟ್ಟೆವು. ಈಗ ಮೆಸೇಜ್ ಹಾಕಲು ಮುಜುಗರ. ಏನು ಬರೆಯಬೇಕು?

ನೀವು ಬಹುಶಃ ಹೀಗೆ ಶುರು ಮಾಡಿರುತ್ತೀರಿ: ‘ಸಾರಿ ಮಗಾ, ಇಷ್ಟು ದಿನ ಫೋನ್ ಮಾಡಕ್ಕಾಗಿಲ್ಲ, ಕೆಲಸ ಜಾಸ್ತಿ, ತಪ್ಪು ತಿಳ್ಕೋಬೇಡ...’ ಇದನ್ನು ಅಳಿಸಿಬಿಡಿ. ಓದಿದವನು ‘ಪರವಾಗಿಲ್ಲ ಬಿಡೋ’ ಅನ್ನಲೇಬೇಕಾಗುತ್ತದೆ. ಅಪ್ಪನನ್ನು ಕಳೆದುಕೊಂಡವನೇ ನಿಮಗೆ ಸಮಾಧಾನ ಹೇಳಿದ ಹಾಗಾಯ್ತು.

ಮೊದಲು ಅವರಪ್ಪನ ಮಾತು ಬರಲಿ, ಅದೂ ನೀವೇ ಕಣ್ಣಾರೆ ಕಂಡ ಒಂದು ಸಂಗತಿ. ‘ತುಂಬಾ ಒಳ್ಳೆಯವರು’ ಅಂತ ಎಲ್ಲರೂ ಬರೆದಿರುತ್ತಾರೆ. ಹಳೇ ಗೆಳೆಯನ ಹತ್ತಿರ ಮಾತ್ರ ಇರುವ ನೆನಪು ಬೇರೆ. ದೂರವಾದದ್ದಕ್ಕೆ ಒಂದೇ ಸಾಲು ಸಾಕು, ಅದೂ ನಡುವೆ ಎಲ್ಲಾದರೂ. ಕಾರಣ ಕೊಡಬೇಡಿ.

ಉದಾಹರಣೆಗೆ ಹೀಗೆ ಬರೆಯಬಹುದು: ‘ಅಪ್ಪ ಹೋದ ವಿಷಯ ಈಗ ಗೊತ್ತಾಯ್ತು ಕಣೋ. ಎಸ್ಸೆಸ್ಸೆಲ್ಸಿ ಪರೀಕ್ಷೆ ದಿನ ನಮ್ಮಿಬ್ಬರನ್ನೂ ಮೊಪೆಡ್ ಮೇಲೆ ಕೂರಿಸ್ಕೊಂಡು ಹೋಗಿ, ಮುಗಿಯೋವರೆಗೂ ಗೇಟ್ ಹತ್ರಾನೇ ನಿಂತಿದ್ರು. ನೀನು ಹೊರಗೆ ಬಂದ ತಕ್ಷಣ ಅವರು ಕೇಳಿದ್ದು ಪೇಪರ್ ಬಗ್ಗೆ ಅಲ್ಲ, ಹಸಿವಾಯ್ತಾ ಅಂತ. ಈಚೆಗೆ ದೂರ ಆಗಿದ್ದು ನನ್ನ ತಪ್ಪು, ಆ ಮಾತು ಈಗ ಬೇಡ. ಭಾನುವಾರ ಬೆಳಿಗ್ಗೆ ಬಂದು ಅಮ್ಮನ್ನ ಮಾತಾಡಿಸ್ತೀನಿ. ಇದಕ್ಕೆ ಉತ್ತರ ಹಾಕ್ಬೇಕು ಅಂತೇನಿಲ್ಲ.’

ಕೊನೆಯ ಎರಡು ಸಾಲು ಮುಖ್ಯ. ‘ಏನಾದ್ರೂ ಬೇಕಿದ್ರೆ ಹೇಳು’ ಅಂದರೆ ಅವನು ಹೇಳುವುದಿಲ್ಲ, ಎರಡು ವರ್ಷದ ಸಂಕೋಚ ಅವನಿಗೂ ಇದೆಯಲ್ವಾ. ದಿನ ಹೇಳಿದರೆ ಅವನು ಯೋಚಿಸಬೇಕಾಗಿಲ್ಲ. ಆದರೆ ಹೇಳಿದ ಮೇಲೆ ಹೋಗಲೇಬೇಕು. ಹೋಗುವುದು ಖಾತ್ರಿ ಇಲ್ಲದಿದ್ದರೆ ಆ ಸಾಲು ಬರೆಯಲೇಬೇಡಿ. ನಿಜವಾಗಿ ಜಗಳವಾಗಿದ್ದರೆ ಮಾತ್ರ ‘ಬರ್ತೀನಿ’ ಬದಲು ‘ಬರ್ಲಾ?’ ಅನ್ನಿ.

ಹೇಗಾಯ್ತು, ಯಾವ ಆಸ್ಪತ್ರೆ ಅಂತ ಮೆಸೇಜಲ್ಲಿ ಕೇಳಬೇಡಿ. ‘ವಯಸ್ಸಾಗಿತ್ತಲ್ಲ’ ಅನ್ನುವುದಂತೂ ಬೇಡವೇ ಬೇಡ.

ಬರೀ ಕೈಮುಗಿದ ಚಿತ್ರವೊಂದು ಉತ್ತರವಾಗಿ ಬರಬಹುದು, ಅದೂ ಬರದಿರಬಹುದು. ಕೋಪ ಅಂದುಕೊಳ್ಳಬೇಡಿ. ಹಾಲುತುಪ್ಪ, ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಡುವುದು, ತಿಥಿಗೆ ನೆಂಟರಿಗೆ ಹೇಳುವುದು ಅಂತ ಅವನಿಗೆ ಫೋನ್ ನೋಡಲೂ ಪುರುಸೊತ್ತಿರುವುದಿಲ್ಲ. ನಿಮ್ಮ ಮೆಸೇಜನ್ನು ಅವನು ನಿಧಾನವಾಗಿ ಓದುವುದು ತಿಥಿ ಮುಗಿದು, ನೆಂಟರೆಲ್ಲ ಊರಿಗೆ ಹೊರಟ ಮೇಲೆ. ಆಗ ಇನ್ನೊಂದು ಸಲ ಫೋನ್ ಮಾಡಿ.

ಭಾನುವಾರ ಹೋದಾಗ ಹಳೇ ಲೆಕ್ಕ ತೆಗೆಯಬೇಡಿ. ಅಮ್ಮನ ಹತ್ತಿರ ಸ್ವಲ್ಪ ಹೊತ್ತು ಕೂತು, ಆ ಮೊಪೆಡ್ ಕಥೆ ಅವರಿಗೂ ಹೇಳಿ. ಹೊರಡುವಾಗ ಅಭ್ಯಾಸಬಲದಿಂದ ‘ಹೋಗ್ಬರ್ತೀನಿ’ ಅಂದುಬಿಟ್ಟೀರಿ, ಸಾವಿನ ಮನೆಯಲ್ಲಿ ಹಾಗನ್ನುವುದಿಲ್ಲ. ಸುಮ್ಮನೆ ಎದ್ದು ಬನ್ನಿ.