ಯಾರಿಗಾಗಿ ಕೊಂಡರೂ ರಿಯಾಯಿತಿ

ಅಂಗಡಿಗಳಿಗೆ ಜಾಹೀರಾತು ಬರೆದುಕೊಡುವುದು ನನ್ನ ಕೆಲಸ. ಗೌರಿ ಹಬ್ಬ ಹತ್ತಿರವಾದಾಗ ಸೀರೆ ಅಂಗಡಿಯ ಮಾಲೀಕರೊಬ್ಬರು ಕರಪತ್ರದ ಕರಡು ತಂದರು. ‘ಹಿರಿಯ ಜೀವಗಳಿಗೆ ನಮ್ಮ ಪುಟ್ಟ ಆಸರೆ’ ಎಂಬ ತಲೆಬರಹ, ಕೆಳಗೆ ಕೋಲೂರಿದ ಅಜ್ಜಿಯ ಚಿತ್ರ. 60 ದಾಟಿದವರಿಗೆ ತಿಳಿ ಬಣ್ಣದ ಹತ್ತಿ ಸೀರೆಗಳ ಮೇಲೆ ಶೇ 10 ರಿಯಾಯಿತಿ.

‘ವಯಸ್ಸಾದವರು ಗಾಢ ಬಣ್ಣ ಉಡುತ್ತಾರೆಯೇ?’ ಎಂದರು ಮಾಲೀಕರು. ಉಡುತ್ತಾರೋ ಇಲ್ಲವೋ, ಕೊಳ್ಳುವುದಂತೂ ಅವರೇ. ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಕ್ಕಳಿಗೆ ಬಾಗಿನ ಹೋಗಬೇಕು. ಹಿಂದಿನ ವರ್ಷದ ಬಿಲ್ಲುಗಳನ್ನು ತೆಗೆಸಿ ನೋಡಿದೆವು. ಹಳೆಯ ಗಿರಾಕಿಯಾದ 67ರ ತಾಯಿಯೊಬ್ಬರು ತಲಾ 3,200 ರೂಪಾಯಿಯ ಮೂರು ರೇಷ್ಮೆ ಸೀರೆ ಕೊಂಡಿದ್ದರು. ಎರಡು ಹೆಣ್ಣುಮಕ್ಕಳಿಗೆ, ಒಂದು ಸೊಸೆಗೆ. ತಮಗೆಂದು ಏನೂ ಇಲ್ಲ. ಬಿಲ್ಲು 9,600 ರೂಪಾಯಿ. ಕರಡಿನಲ್ಲಿದ್ದ ಕೊಡುಗೆಯ ಪ್ರಕಾರ ಅವರಿಗೆ ಸಿಗುತ್ತಿದ್ದದ್ದು ಸೊನ್ನೆ.

ಹೊಸದಾಗಿ ಬರೆದದ್ದು ಇಷ್ಟು: ‘60 ತುಂಬಿದವರ ಬಿಲ್ಲಿಗೆ ಶೇ 10 ರಿಯಾಯಿತಿ. ಯಾರಿಗಾಗಿ ಕೊಂಡರೂ ಅನ್ವಯ.’ ಆ ತಾಯಿಗೆ ಈಗ 960 ರೂಪಾಯಿ ಉಳಿಯುತ್ತದೆ. ‘ಜೀವ’, ‘ಆಸರೆ’, ‘ಪುಟ್ಟ’ ಎಲ್ಲವನ್ನೂ ತೆಗೆದೆ. ಕರ್ನಾಟಕದ ಹಿರಿಯರಿಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಶೇ 25 ರಿಯಾಯಿತಿ ಇದೆ. ನಿರ್ವಾಹಕರು ಗುರುತಿನ ಚೀಟಿ ನೋಡಿ ಟಿಕೆಟ್ ಕೊಡುತ್ತಾರೆ, ಮುಗಿಯಿತು. ಅಂಗಡಿಯಲ್ಲಿ ಮಾತ್ರ ಅದಕ್ಕೊಂದು ಕರುಣರಸ ಏಕೆ?

ಆದರೆ ಹೆಚ್ಚಿನ ಕೊಡುಗೆಗಳು ಕೆಡುವುದು ಕರಪತ್ರದಲ್ಲಲ್ಲ, ಹಣ ಕಟ್ಟುವ ಕೌಂಟರಿನಲ್ಲಿ. ಇಲ್ಲಿಯೂ ಆ್ಯಪ್ ಇಳಿಸಿಕೊಂಡು ಒಟಿಪಿ ಹೇಳಿದರಷ್ಟೇ ರಿಯಾಯಿತಿ ಎಂಬ ಷರತ್ತು ಸಣ್ಣಕ್ಷರದಲ್ಲಿತ್ತು. ಮೊಬೈಲಿನಲ್ಲೇ ವ್ಯವಹರಿಸುವ ಹಿರಿಯರು ಎಷ್ಟೋ ಮಂದಿ. ಆದರೂ ಸಾಲಿನಲ್ಲಿ ಹತ್ತು ಜನರ ಮುಂದೆ ಸಿಗ್ನಲ್ ಸಿಗದೆ ನಿಂತಾಗ ಕೌಂಟರಿನ ಹುಡುಗ ‘ಅಜ್ಜಿ, ಮಗನಿಗೆ ಫೋನ್ ಮಾಡಿ’ ಎಂದುಬಿಡುತ್ತಾನೆ. ಮೂವತ್ತು ವರ್ಷ ಕಚೇರಿಯ ಲೆಕ್ಕಪತ್ರ ನೋಡಿದವರಿಗೆ ಆ ಮಾತು ಹೇಗೆ ಕೇಳಿಸೀತು! ಹಾಗಾಗಿ ಆಧಾರ್, ಮತದಾರರ ಚೀಟಿ, ಚಾಲನಾ ಪರವಾನಗಿ, ಯಾವುದನ್ನು ತೋರಿಸಿದರೂ ಸಾಕು ಎಂದು ಬದಲಿಸಿದೆವು. ವಯಸ್ಸನ್ನು ಸಿಬ್ಬಂದಿ ಕೇಳುವಂತಿಲ್ಲ. ಕೌಂಟರಿನ ಮೇಲೆ ಫಲಕ ಇರುತ್ತದೆ, ಬೇಕಾದವರು ಚೀಟಿ ತೋರಿಸುತ್ತಾರೆ. ನೆರೆಕೂದಲು ಕಂಡ ಮಾತ್ರಕ್ಕೆ ಐವತ್ತೈದರವರಿಗೆ ರಿಯಾಯಿತಿ ಘೋಷಿಸುವ ಅವಘಡವೂ ತಪ್ಪಿತು. ಕೊನೆಯ ದಿನಾಂಕ ತಲೆಬರಹದ ಕೆಳಗೇ ಬಂತು, ವಾರದ ಹೆಸರಿನೊಡನೆ, ಅಷ್ಟೇ ದಪ್ಪ ಅಕ್ಷರದಲ್ಲಿ.

ಅಜ್ಜಿಯ ಚಿತ್ರ ಮಾತ್ರ ಉಳಿದುಕೊಂಡಿತು. ಬಾಗಿಲ ಮೇಲಿನ ಫ್ಲೆಕ್ಸ್ ಆಗಲೇ ಅಚ್ಚಾಗಿ ಬಂದಿತ್ತು, ಅದರ ದುಡ್ಡು ಕಳೆದುಕೊಳ್ಳಲು ಮಾಲೀಕರು ಒಪ್ಪಲಿಲ್ಲ.