‘ಇದನ್ನ ಸ್ವಲ್ಪ ನೀಟ್ ಮಾಡಿ ಕಳಿಸಿ’

ಪ್ರಶ್ನೆ: ಮೀಟಿಂಗ್ ಮುಗಿದ ಮೇಲೆ ಮ್ಯಾನೇಜರ್ ವೈಟ್‌ಬೋರ್ಡ್ ಫೋಟೊ ಹಾಕಿ ‘ಇದನ್ನ ಸ್ವಲ್ಪ ನೀಟ್ ಮಾಡಿ ಕಳಿಸಿ’ ಅಂತಾರೆ. ಇದ್ದ ಹಾಗೆ ಟೈಪ್ ಮಾಡಿದರೆ ಸಾಕೇ? ಯಾರು ಏನು ಮಾಡಬೇಕು ಅಂತ ಪಟ್ಟಿ ಮಾಡಬೇಕೇ?

ಉತ್ತರ ಬೋರ್ಡಿನಲ್ಲೇ ಇರುತ್ತದೆ. ಬರೀ ಡಬ್ಬಿ, ಬಾಣಗಳಿದ್ದರೆ ಅವರಿಗೆ ಬೇಕಿರುವುದು ಚಿತ್ರ. ಸಾಲಿನ ಪಕ್ಕ ಹೆಸರಿನ ಮೊದಲಕ್ಷರ, ವಾರದ ದಿನ ಗೀಚಿದ್ದರೆ ಅಲ್ಲಿ ಕೆಲಸ ಹಂಚಿಕೆ ನಡೆದಿದೆ, ಪಟ್ಟಿಯೇ ಬೇಕು. ಅನುಮಾನವಿದ್ದರೆ ಮೇಲೆ ಪಟ್ಟಿ, ಕೆಳಗೆ ಬೋರ್ಡಿನ ಅಕ್ಷರಶಃ ನಕಲು ಎರಡನ್ನೂ ಕಳಿಸಿ.

ಬಿಲ್ಲಿಂಗ್ ಸಾಫ್ಟ್‌ವೇರ್ ತಂಡದ ಒಂದು ಬೋರ್ಡ್ ಹೀಗಿದೆ ಅಂದುಕೊಳ್ಳಿ: ‘ಇನ್‌ವಾಯ್ಸ್ ಟೆಂಪ್ಲೇಟ್ – ಎಸ್ – ಶುಕ್ರ’, ‘ರೌಂಡಿಂಗ್ ??’, ‘ಬ್ಯಾಂಕಿಗೆ ಫೋನ್’, ಅಡ್ಡಗೆರೆ ಎಳೆದ ‘ಎಸ್‌ಎಂಎಸ್’, ಎರಡು ಸುತ್ತು ಹಾಕಿದ ‘ಡೆಮೊ 18’.

ಮೊದಲ ಸಾಲು ಸಲೀಸು ಅನಿಸುತ್ತದೆ, ಆದರೆ ಎಡವುವುದು ಅಲ್ಲೇ. ಬೋರ್ಡಿನ ಮೇಲೆ ನಾಮಪದ ಮಾತ್ರ ಉಳಿದಿದೆ. ಕ್ರಿಯಾಪದ ಮಾತಿನಲ್ಲೇ ಹೋಯಿತು. ಟೆಂಪ್ಲೇಟ್ ಹೊಸದಾಗಿ ಮಾಡಬೇಕೋ, ಹಳೆಯದನ್ನೇ ತಿದ್ದಬೇಕೋ? ಮೊದಲನೆಯದು ಮೂರು ದಿನದ ಕೆಲಸ, ಎರಡನೆಯದು ಅರ್ಧ ಗಂಟೆಯದು. ಮೀಟಿಂಗಿನಲ್ಲಿ ನೀವಿದ್ದು ನೆನಪಿದ್ದರೆ ಬರೆಯಿರಿ, ಇಲ್ಲವಾದರೆ ಕೇಳಿ. ಇನ್ನು ‘ಎಸ್’. ತಂಡದಲ್ಲಿ ಆ ಅಕ್ಷರದವರು ಇಬ್ಬರಿದ್ದರೆ ‘ಇವರೇ ಇರಬೇಕು’ ಅಂತ ಹೆಸರು ತುಂಬಬೇಡಿ. ಪಟ್ಟಿ ಹೊರಟ ಮೇಲೆ ಅದು ನಿಮ್ಮ ಊಹೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಮ್ಯಾನೇಜರ್ ವಹಿಸಿದ್ದು ಅಂತಲೇ ಓದುತ್ತಾರೆ. ಪಾಪ, ತಪ್ಪು ಮನುಷ್ಯ ಶುಕ್ರವಾರದವರೆಗೆ ದುಡಿಯುತ್ತಾನೆ.

‘ಬ್ಯಾಂಕಿಗೆ ಫೋನ್’ ಕೆಲಸವೇ, ಆದರೆ ಹೆಸರಿಲ್ಲ. ಅಲ್ಲಿ ‘ತಂಡ’ ಅಂತ ಹಾಕುವ ಚಟ ಬಹಳ ಜನಕ್ಕಿದೆ. ತಂಡ ಫೋನ್ ಮಾಡುವುದಿಲ್ಲ. ಜಾಗ ಖಾಲಿ ಬಿಡಿ, ಖಾಲಿ ಇದೆ ಅಂತ ಎದ್ದು ಕಾಣಲಿ. ‘ರೌಂಡಿಂಗ್ ??’ ಕೆಲಸವಲ್ಲ, ತೀರ್ಮಾನವಾಗದ ಮಾತು. ಪೈಸೆಯನ್ನು ಪ್ರತಿ ಐಟಂನಲ್ಲೂ ರೌಂಡ್ ಮಾಡಬೇಕೋ, ಒಟ್ಟು ಮೊತ್ತದಲ್ಲಿ ಮಾತ್ರವೋ ಎಂಬ ಜಗಳ ಇರಬಹುದು. ಅದಕ್ಕೆ ಬೇರೆ ತಲೆಬರಹ ಕೊಡಿ. ಅಡ್ಡಗೆರೆ ಬಿದ್ದದ್ದು ನಕಲಿನಲ್ಲಿ ಮಾತ್ರ ಇರಲಿ. ಡೆಮೊ ದಿನಾಂಕ ಪಟ್ಟಿಯ ತಲೆಯ ಮೇಲೆ ಬರಲಿ, ಉಳಿದ ಗಡುವುಗಳನ್ನು ಅದಕ್ಕೆ ತಾಳೆ ನೋಡಬಹುದು.

ಫೋಟೊ ಬಂದ ಕೂಡಲೇ ಹಿಗ್ಗಿಸಿ ನಾಲ್ಕೂ ಮೂಲೆ ನೋಡಿ. ಟ್ಯೂಬ್‌ಲೈಟಿನ ಹೊಳಪಿನಡಿ ಒಂದು ಸಾಲು ಮಾಯವಾಗಿದ್ದರೆ, ಯಾರಾದರೂ ಬೋರ್ಡ್ ಒರೆಸುವ ಮೊದಲು ಎದ್ದು ಹೋಗಿ ಓದಿಕೊಂಡು ಬನ್ನಿ.

ಪಟ್ಟಿಯನ್ನು ಮೊದಲು ಎಲ್ಲರಿಗೂ ಕಳಿಸದೆ ಮ್ಯಾನೇಜರ್‌ಗಷ್ಟೇ ಕಳಿಸಿ, ಅದೇ ದಿನ, ಮೂರೇ ಪ್ರಶ್ನೆಯೊಂದಿಗೆ: ‘ಸರ್, ಟೆಂಪ್ಲೇಟ್ ಹೊಸದಾ, ತಿದ್ದುಪಡಿಯಾ? ಎಸ್ ಅಂದರೆ ಯಾರು? ಬ್ಯಾಂಕಿಗೆ ಯಾರು ಫೋನ್ ಮಾಡ್ತಾರೆ? ತಿಳಿಸಿದರೆ ಗ್ರೂಪಿಗೆ ಹಾಕ್ತೀನಿ.’